ಮೇಲಿನ ಮನೆಯ ಈರುಳ್ಳಿ, ಕೆಳಗಿನ ಮನೆಯ ಶೇಂಗಾ: ಒಂದು ಬೇಸಿಗೆಯ ಲೆಕ್ಕ

ಬೇಸಿಗೆಯಲ್ಲಿ ಕುಮಟಾದ ಹತ್ತಿರ ಹೆದ್ದಾರಿ 66ರಲ್ಲಿ ಹೋದವರಿಗೆ ರಸ್ತೆ ಬದಿ ನೇತು ಹಾಕಿದ ಈರುಳ್ಳಿ ಗೊಂಚಲು ಕಂಡೇ ಇರುತ್ತದೆ. ಒಣಗಿದ ಸೊಪ್ಪನ್ನು ಜಡೆ ಹೆಣೆದಂತೆ ಹೆಣೆದು, ಗಳಕ್ಕೆ ಸಾಲಾಗಿ ಕಟ್ಟಿರುತ್ತಾರೆ. ಇದು ಖಾರ ಕಮ್ಮಿ ಇರುವ ಸಿಹಿ ಈರುಳ್ಳಿ. ಭತ್ತ ಕೊಯ್ದ ಗದ್ದೆಯಲ್ಲೇ ಸಸಿ ನೆಟ್ಟು, ಬಾವಿ ನೀರು ಹಾಕಿ ಬೆಳೆಸುತ್ತಾರೆ. ಅದೇ ಗದ್ದೆಯಲ್ಲಿ, ಅದೇ ತಿಂಗಳುಗಳಲ್ಲಿ ಶೇಂಗಾ ಕೂಡ ಬರುತ್ತದೆ. ಒಂದು ಗುಂಟೆಗೆ ಈರುಳ್ಳಿ ಹಾಕಿದರೆ ಆ ಗುಂಟೆಯ ಶೇಂಗಾ ಹೋಯಿತು. ಶೇಂಗಾ ಹಾಕಿದರೆ ಈರುಳ್ಳಿ ಹೋಯಿತು.

ಅರ್ಥಶಾಸ್ತ್ರದಲ್ಲಿ ತುಲನಾತ್ಮಕ ಅನುಕೂಲ ಅಂತ ಒಂದು ಮಾತಿದೆ. ಪಿಯುಸಿಯಲ್ಲಿ ಓದಿ, ಪರೀಕ್ಷೆ ಬರೆದು, ಮರೆತವರೇ ಜಾಸ್ತಿ. ಈ ಎರಡು ಬೆಳೆ ಸಿಕ್ಕರೆ ಅದನ್ನು ಗದ್ದೆಯಲ್ಲೇ ನಿಂತು ನೋಡಬಹುದು. ಅದಕ್ಕಾಗಿ ಕುಮಟಾ ಮತ್ತು ಗೋಕರ್ಣದ ನಡುವೆ ಎರಡು ಮನೆ ಕಟ್ಟಿಕೊಂಡಿದ್ದೇನೆ. ಮನೆಗಳೂ ಅಂಕಿಗಳೂ ಕಲ್ಪನೆಯವು, ಲೆಕ್ಕ ಸುಲಭವಾಗಲಿ ಎಂದು ದುಂಡಗೆ ಇಟ್ಟವು. ಮಣ್ಣು, ನೀರು, ಬೆಳೆಯ ಗುಣ ಮಾತ್ರ ಅಲ್ಲಿಯದೇ.

ಒಂದು ಮೇಲಿನ ಮನೆ. ಗದ್ದೆ ಸ್ವಲ್ಪ ಎತ್ತರದಲ್ಲಿದೆ, ಮಣ್ಣು ಕೆಂಪು ಬೆರೆತದ್ದು, ಬಾವಿಯಲ್ಲಿ ಏಪ್ರಿಲ್‌ವರೆಗೂ ಸಿಹಿ ನೀರು. ಮನೆಯ ವ್ಯವಹಾರ ನೋಡಿಕೊಳ್ಳುವುದು ಅಲ್ಲಿಯ ಅಕ್ಕ. ಈರುಳ್ಳಿಯನ್ನು ಹೆದ್ದಾರಿಯಲ್ಲಿ ಮಾರುತ್ತಾರೆ. ಊರಿನ ಸ್ವಸಹಾಯ ಸಂಘದ ಹೆಂಗಸರ ಜೊತೆ ಸೇರಿ ಚಿಕ್ಕಿ ಮಾಡುವುದರಿಂದ ಶೇಂಗಾ ಕೂಡ ಬೇಕು.

ಇನ್ನೊಂದು ಕೆಳಗಿನ ಮನೆ. ಸಮುದ್ರದ ಕಡೆಗೆ, ಮರಳು ಮಣ್ಣು. ಹಾಕಿದ ನೀರು ನಿಲ್ಲುವುದಿಲ್ಲ. ಬೇಸಿಗೆ ಏರುತ್ತಿದ್ದಂತೆ ಬಾವಿ ನೀರಿಗೆ ಉಪ್ಪಿನ ರುಚಿ ಬರುತ್ತದೆ. ಯಜಮಾನರಿಗೆ ರಸ್ತೆ ಬದಿ ಒಂದು ಚಾದಂಗಡಿ ಇದೆ, ಸಂಜೆ ಈರುಳ್ಳಿ ಭಜಿ ಹಾಕುತ್ತಾರೆ. ಶೇಂಗಾ ಬೆಳೆದು ಮಾರುತ್ತಾರೆ, ಈರುಳ್ಳಿ ಅಂಗಡಿಗೆ ಬೇಕು.

ಇಬ್ಬರಿಗೂ ಬೇಸಿಗೆ ಬೆಳೆಗೆ ಇರುವುದು 20 ಗುಂಟೆ, ಅಂದರೆ ಅರ್ಧ ಎಕರೆ. ಮೇಲಿನ ಮನೆಯ ಒಂದು ಗುಂಟೆಯಲ್ಲಿ 60 ಕಿಲೋ ಈರುಳ್ಳಿ ಬರುತ್ತದೆ, ಇಲ್ಲವೇ 20 ಕಿಲೋ ಶೇಂಗಾ. ಕೆಳಗಿನ ಮನೆಯಲ್ಲಿ 30 ಕಿಲೋ ಈರುಳ್ಳಿ, ಇಲ್ಲವೇ 15 ಕಿಲೋ ಶೇಂಗಾ. ಶೇಂಗಾದ ತೂಕ ಸಿಪ್ಪೆ ಸಮೇತ.

ನೋಡಿದ ಕೂಡಲೇ ಕಾಣುವುದು ಇಷ್ಟೇ: ಎರಡೂ ಬೆಳೆಯಲ್ಲಿ ಮೇಲಿನ ಮನೆಯದೇ ಮೇಲುಗೈ. ಒಬ್ಬೊಬ್ಬರು ಒಂದೊಂದೇ ಬೆಳೆ ಹಾಕಿ ಬದಲಿ ಮಾಡಿಕೊಳ್ಳುವ ಹೊಂದಾಣಿಕೆಯ ಮಾತು ಬಂದಾಗ ಕೆಳಗಿನ ಮನೆಯವರು ಕೇಳಿದ್ದೂ ಅದನ್ನೇ. "ಎರಡೂ ನಿಮ್ಮಲ್ಲೇ ಚಲೋ ಬರ್ತದೆ. ನನ್ನ ಹತ್ರ ನಿಮಗೇನು ಕೆಲಸ ಅಕ್ಕಾ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಯಾರ ಗದ್ದೆಯಲ್ಲಿ ಜಾಸ್ತಿ ಬರುತ್ತದೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದು ಕಿಲೋ ಶೇಂಗಾಕ್ಕೆ ಯಾರು ಎಷ್ಟು ಈರುಳ್ಳಿ ಬಿಟ್ಟುಕೊಡಬೇಕು ಎಂದು ಕೇಳಬೇಕು. ಮೇಲಿನ ಮನೆಯವರು 20 ಕಿಲೋ ಶೇಂಗಾ ಬೇಕೆಂದರೆ 60 ಕಿಲೋ ಈರುಳ್ಳಿ ಕಳೆದುಕೊಳ್ಳುತ್ತಾರೆ. ಅಂದರೆ ಅವರ ಒಂದು ಕಿಲೋ ಶೇಂಗಾದ ಬೆಲೆ 3 ಕಿಲೋ ಈರುಳ್ಳಿ. ಕೆಳಗಿನ ಮನೆಯವರು 15 ಕಿಲೋ ಶೇಂಗಾಕ್ಕೆ ಕಳೆದುಕೊಳ್ಳುವುದು 30 ಕಿಲೋ ಈರುಳ್ಳಿ. ಅವರ ಶೇಂಗಾದ ಬೆಲೆ 2 ಕಿಲೋ ಈರುಳ್ಳಿ ಮಾತ್ರ. ಹೀಗೆ ಬಿಟ್ಟುಕೊಟ್ಟಿದ್ದಕ್ಕೆ ಪುಸ್ತಕದ ಹೆಸರು ಅವಕಾಶ ವೆಚ್ಚ. ಈ ಲೆಕ್ಕದಲ್ಲಿ ಶೇಂಗಾ ಕೆಳಗಿನ ಮನೆಯಲ್ಲಿ ಅಗ್ಗ, ಈರುಳ್ಳಿ ಮೇಲಿನ ಮನೆಯಲ್ಲಿ ಅಗ್ಗ.

ಇದಕ್ಕೆ ಕಾರಣ ಮಣ್ಣಲ್ಲೇ ಇದೆ. ಶೇಂಗಾ ಗಿಡದಲ್ಲಿ ಹೂವು ಬಾಡಿದ ಮೇಲೆ ಅಲ್ಲಿಂದ ಸೂಜಿಯಂಥ ಎಳೆ ಕೆಳಗಿಳಿಯುತ್ತದೆ, ಮಣ್ಣೊಳಗೆ ಹೋಗಿ ಅಲ್ಲಿ ಕಾಯಾಗುತ್ತದೆ. ಮರಳು ಮಣ್ಣಾದರೆ ಸುಲಭಕ್ಕೆ ಇಳಿಯುತ್ತದೆ, ಕೀಳುವಾಗ ಕಾಯಿ ಹರಿದು ಒಳಗೆ ಉಳಿಯುವುದೂ ಕಮ್ಮಿ. ಈರುಳ್ಳಿ ಹಾಗಲ್ಲ. ಬೇರು ಮೇಲ್ಮೇಲೇ ಇರುತ್ತದೆ, ಪದೇ ಪದೇ ನೀರು ಬೇಕು, ಉಪ್ಪು ನೀರನ್ನು ಸಹಿಸುವುದಿಲ್ಲ. ಎಲೆ ತುದಿ ಒಣಗಿ ಹಳದಿಯಾಗುತ್ತದೆ, ಗಡ್ಡೆ ಗೋಲಿಯಷ್ಟಕ್ಕೇ ನಿಲ್ಲುತ್ತದೆ. ಹಾಗಾಗಿ ಕೆಳಗಿನ ಮನೆ ಈರುಳ್ಳಿಯಲ್ಲಿ ಮೇಲಿನ ಮನೆಗಿಂತ ಅರ್ಧಕ್ಕೆ ಇಳಿಯಿತು. ಶೇಂಗಾದಲ್ಲಿ ಇಳಿದದ್ದು ಕಾಲು ಭಾಗ ಮಾತ್ರ. ಎರಡರಲ್ಲೂ ಹಿಂದೆಯೇ, ಆದರೆ ಒಂದರಲ್ಲಿ ಕಮ್ಮಿ ಹಿಂದೆ. ಆ ಕಮ್ಮಿಯೇ ಅವರ ತುಲನಾತ್ಮಕ ಅನುಕೂಲ.

1817ರಲ್ಲಿ ಇಂಗ್ಲೆಂಡಿನ ಡೇವಿಡ್ ರಿಕಾರ್ಡೊ ಈ ಮಾತನ್ನು ಬಟ್ಟೆ ಮತ್ತು ದ್ರಾಕ್ಷಾರಸದ ಉದಾಹರಣೆ ಕೊಟ್ಟು ಹೇಳಿದ. ಅವನ ಲೆಕ್ಕದಲ್ಲಿ ಎರಡನ್ನೂ ಕಮ್ಮಿ ಆಳಿನಲ್ಲಿ ಮಾಡುವ ದೇಶ ಪೋರ್ಚುಗಲ್. ಬಟ್ಟೆಗೆ 90 ಆಳು, ದ್ರಾಕ್ಷಾರಸಕ್ಕೆ 80. ಇಂಗ್ಲೆಂಡಿಗೆ 100 ಮತ್ತು 120. ಆದರೂ ಇಂಗ್ಲೆಂಡ್ ಬಟ್ಟೆ ಮಾಡಲಿ, ಪೋರ್ಚುಗಲ್ ದ್ರಾಕ್ಷಾರಸ ಮಾಡಲಿ, ಇಬ್ಬರಿಗೂ ಲಾಭ ಎಂದ. ಪೋರ್ಚುಗೀಸರು ನಮಗೇನೂ ಅಪರಿಚಿತರಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿ ಎಂದು ಕರೆದವರು ಅವರೇ. ಇರಲಿ, ಗದ್ದೆಗೆ ವಾಪಸ್ ಬರೋಣ.

ಹೊಂದಾಣಿಕೆಗೆ ಮುಂಚೆ ಮೇಲಿನ ಮನೆಯವರು 14 ಗುಂಟೆಗೆ ಈರುಳ್ಳಿ, 6 ಗುಂಟೆಗೆ ಶೇಂಗಾ ಹಾಕುತ್ತಿದ್ದರು. ಬರುತ್ತಿದ್ದುದು 840 ಕಿಲೋ ಈರುಳ್ಳಿ, 120 ಕಿಲೋ ಶೇಂಗಾ. ಕೆಳಗಿನ ಮನೆಯವರು ಅರ್ಧಕ್ಕರ್ಧ ಹಾಕುತ್ತಿದ್ದರು. 300 ಕಿಲೋ ಈರುಳ್ಳಿ, 150 ಕಿಲೋ ಶೇಂಗಾ. ಎರಡೂ ಮನೆ ಸೇರಿ 1140 ಕಿಲೋ ಈರುಳ್ಳಿ, 270 ಕಿಲೋ ಶೇಂಗಾ.

ಈಗ ಮೇಲಿನ ಮನೆಯವರು 20 ಗುಂಟೆಗೂ ಈರುಳ್ಳಿ ಹಾಕಲಿ, ಕೆಳಗಿನ ಮನೆಯವರು 20 ಗುಂಟೆಗೂ ಶೇಂಗಾ ಹಾಕಲಿ. ಒಟ್ಟು 1200 ಕಿಲೋ ಈರುಳ್ಳಿ, 300 ಕಿಲೋ ಶೇಂಗಾ. ಒಂದು ಗುಂಟೆ ಹೊಸ ಜಾಗ ಬಂದಿಲ್ಲ, ಒಂದು ಬುಟ್ಟಿ ಗೊಬ್ಬರ ಜಾಸ್ತಿ ಬಿದ್ದಿಲ್ಲ. ಆದರೂ 60 ಕಿಲೋ ಈರುಳ್ಳಿ, 30 ಕಿಲೋ ಶೇಂಗಾ ಹೆಚ್ಚಾಯಿತು.

ಬದಲಿ ಮಾಡುವ ದರ 2 ಮತ್ತು 3ರ ನಡುವೆ ಎಲ್ಲಿದ್ದರೂ ನಡೆಯುತ್ತದೆ. ಒಂದು ಕಿಲೋ ಶೇಂಗಾಕ್ಕೆ 3 ಕಿಲೋಗಿಂತ ಹೆಚ್ಚು ಈರುಳ್ಳಿ ಕೇಳಿದರೆ ಅಕ್ಕ ತಾವೇ ಶೇಂಗಾ ಬಿತ್ತುತ್ತಾರೆ. 2 ಕಿಲೋಗಿಂತ ಕಮ್ಮಿ ಕೊಟ್ಟರೆ ಕೆಳಗಿನ ಮನೆಯವರು ತಾವೇ ಈರುಳ್ಳಿ ನೆಡುತ್ತಾರೆ. ಇಬ್ಬರೂ ಎರಡೂವರೆಗೆ ಒಪ್ಪಿದರು. ಕೆಳಗಿನ ಮನೆಯಿಂದ 130 ಕಿಲೋ ಶೇಂಗಾ ಮೇಲಕ್ಕೆ, ಮೇಲಿನ ಮನೆಯಿಂದ 325 ಕಿಲೋ ಈರುಳ್ಳಿ ಕೆಳಕ್ಕೆ. ಕೊನೆಗೆ ಮೇಲಿನ ಮನೆಯಲ್ಲಿ 875 ಕಿಲೋ ಈರುಳ್ಳಿ, 130 ಕಿಲೋ ಶೇಂಗಾ. ಕೆಳಗಿನ ಮನೆಯಲ್ಲಿ 325 ಕಿಲೋ ಈರುಳ್ಳಿ, 170 ಕಿಲೋ ಶೇಂಗಾ. ಎರಡೂ ಮನೆಯಲ್ಲಿ ಎರಡೂ ಬೆಳೆ ಮೊದಲಿಗಿಂತ ಜಾಸ್ತಿಯೇ ಇದೆ.

ಪಾಠ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ನನಗೆ ಕುತೂಹಲ ಇರುವುದು ಇದರ ಮುಂದೆ. ಇಷ್ಟು ಸರಳ ಲೆಕ್ಕ ಆಗಿದ್ದರೆ ಇಬ್ಬರೂ ಇಷ್ಟು ವರ್ಷ ಎರಡೂ ಬೆಳೆಯನ್ನು ಯಾಕೆ ಹಾಕುತ್ತಿದ್ದರು? ಲೆಕ್ಕ ಗೊತ್ತಿರಲಿಲ್ಲ ಎಂದು ಹೇಳುವುದು ಸುಲಭ, ಆದರೆ ತಪ್ಪು. ಅವರ ಲೆಕ್ಕ ಸರಿಯಾಗಿಯೇ ಇತ್ತು.

ಪಕ್ಕದ ಮನೆ ಇಲ್ಲ, ಬರೀ ಪೇಟೆ ಇದೆ ಅಂದುಕೊಳ್ಳಿ. ಅವರು ಮಾರುವಾಗ ಈರುಳ್ಳಿಗೆ ಕಿಲೋಗೆ 30 ರೂಪಾಯಿ, ಶೇಂಗಾಕ್ಕೆ 75 ಸಿಗುತ್ತದೆ. ಅದೇ ಅಂಗಡಿಯಿಂದ ಕೊಳ್ಳುವಾಗ ಈರುಳ್ಳಿ 40, ಶೇಂಗಾ 100. ನಡುವಿನದು ಸಾಗಣೆ, ಅಂಗಡಿಯವರ ಲಾಭ, ಹಾಳಾದದ್ದು ಎಲ್ಲ ಸೇರಿ. ಈಗ ಕೆಳಗಿನ ಮನೆಯ ಒಂದು ಗುಂಟೆ ನೋಡಿ. ಶೇಂಗಾ ಬೆಳೆದು ಮಾರಿದರೆ 15 ಕಿಲೋಗೆ 1125 ರೂಪಾಯಿ. ಈರುಳ್ಳಿ ಬೆಳೆದರೆ 30 ಕಿಲೋ. ಅದನ್ನು ಅಂಗಡಿಯಿಂದ ತಂದಿದ್ದರೆ 1200 ಕೊಡಬೇಕಿತ್ತು. ಭಜಿಗೆ ಬೇಕಾದ ಈರುಳ್ಳಿಯನ್ನು ತಾವೇ ಬೆಳೆದುಕೊಂಡದ್ದರಿಂದ ಗುಂಟೆಗೆ 75 ರೂಪಾಯಿ ಉಳಿಯಿತು. ಮೇಲಿನ ಮನೆಯಲ್ಲೂ ಅದೇ ಕತೆ. ಈರುಳ್ಳಿ ಮಾರಿದರೆ ಗುಂಟೆಗೆ 1800. ಅದೇ ಗುಂಟೆಯಲ್ಲಿ ಬರುವ 20 ಕಿಲೋ ಶೇಂಗಾವನ್ನು ಅಂಗಡಿಯಿಂದ ತಂದರೆ 2000. ಚಿಕ್ಕಿಗೆ ಬೇಕಾದಷ್ಟು ಶೇಂಗಾ ತಾವೇ ಬಿತ್ತುವುದೇ ಸರಿ.

ಅಂದರೆ ಮಾರುವ ದರಕ್ಕೂ ಕೊಳ್ಳುವ ದರಕ್ಕೂ ನಡುವಿನ ಕಂದಕವೇ ಇಬ್ಬರನ್ನೂ ಎರಡು ಬೆಳೆಗೆ ಕಟ್ಟಿಹಾಕಿತ್ತು. ಪಕ್ಕದ ಮನೆಯ ಬದಲಿಯಲ್ಲಿ ಆ ಕಂದಕ ಇಲ್ಲ. ಬೇಲಿ ದಾಟಿಸಿದರೆ ಆಯಿತು. ಕೆಳಗಿನ ಮನೆಯವರ ಒಂದು ಗುಂಟೆ ಶೇಂಗಾ ಎರಡೂವರೆಯ ದರದಲ್ಲಿ 37.5 ಕಿಲೋ ಈರುಳ್ಳಿಯಾಗುತ್ತದೆ, ತಾವೇ ಬೆಳೆದರೆ ಬರುತ್ತಿದ್ದುದು 30. ಅಕ್ಕನ ಒಂದು ಗುಂಟೆ ಈರುಳ್ಳಿ 24 ಕಿಲೋ ಶೇಂಗಾ ಆಗುತ್ತದೆ, ತಾವೇ ಬಿತ್ತಿದರೆ 20. ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಅಂಗಡಿಗೆ, ಚಿಕ್ಕಿಗೆ ಬೇಕಾದಷ್ಟಕ್ಕೆ ಮಾತ್ರ ಈ ಬದಲಿಯಿಂದ ಉಪಯೋಗ. ಅದಕ್ಕಿಂತ ಹೆಚ್ಚು ತಂದು ಮತ್ತೆ ಪೇಟೆಯಲ್ಲಿ ಮಾರುವುದಾದರೆ ಸುಮ್ನೆ ಹೊರೆ. 30ಕ್ಕೆ 75 ಅಂದರೆ ಪೇಟೆಯ ಮಾರುವ ದರವೂ ಎರಡೂವರೆಯೇ ಆಯಿತಲ್ವಾ?

ಮೊದಲ ವರ್ಷ ಮಾತು ಆದದ್ದು ಡಿಸೆಂಬರಿನಲ್ಲಿ, ಬಾಯಿಮಾತಿನಲ್ಲೇ. ಈರುಳ್ಳಿ ಕೀಳುವ ಹೊತ್ತಿಗೆ ಹೆದ್ದಾರಿಯಲ್ಲಿ ದರ 40ಕ್ಕೆ ಏರಿತ್ತು. ಶೇಂಗಾ 75ರಲ್ಲೇ ನಿಂತಿತ್ತು. ಮೇಲಿನ ಮನೆಯಲ್ಲಿ ಮುಖ ಸಿಂಡರಿಸಿದರು. ಒಂದು ಕಿಲೋ ಶೇಂಗಾಕ್ಕೆ ಎರಡೂವರೆ ಕಿಲೋ ಈರುಳ್ಳಿ ಕೊಡುವುದೆಂದರೆ 75 ರೂಪಾಯಿ ಮಾಲಿಗೆ 100 ರೂಪಾಯಿ ಮಾಲು ಕೊಟ್ಟಂತೆ.

"ಮಾತು ಮಾತೇ ಅಕ್ಕಾ," ಎಂದರು ಕೆಳಗಿನ ಮನೆಯವರು.

"ಮಾತು ಹೌದು ತಮ್ಮಾ. ಆದ್ರೆ ಲುಕ್ಸಾನು ನನಗೊಬ್ಬಳಿಗೇ ಆಗ್ತದಲ್ಲ?"

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಅಕ್ಕನಿಗೆ ನಷ್ಟ ಆಯಿತೇ ಇಲ್ಲವೇ ಎಂದು ತಿಳಿಯಲು 75 ರೂಪಾಯಿ ನೋಡಬಾರದು. ಅವರು ಶೇಂಗಾ ಮಾರುವವರಲ್ಲ, ಕೊಳ್ಳುವವರು. ಬದಲಿ ಇಲ್ಲದಿದ್ದರೆ ಅಂಗಡಿಯಲ್ಲಿ ಕಿಲೋಗೆ 100 ಕೊಟ್ಟೇ ತರಬೇಕಿತ್ತು. 100 ರೂಪಾಯಿ ಈರುಳ್ಳಿ ಕೊಟ್ಟು 100 ರೂಪಾಯಿ ಶೇಂಗಾ ಪಡೆದರು. ಅಂಗಡಿಗಿಂತ ಒಂದು ಪೈಸೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅತ್ತ ಕೆಳಗಿನ ಮನೆಯವರು 75ಕ್ಕೆ ಮಾರಬಹುದಾಗಿದ್ದ ಶೇಂಗಾ ಕೊಟ್ಟು ಎರಡೂವರೆ ಕಿಲೋ ಈರುಳ್ಳಿ ತಂದರು. ಅಂಗಡಿಯಲ್ಲಿ ಆಗ ಈರುಳ್ಳಿ 50, ಎರಡೂವರೆ ಕಿಲೋಗೆ 125. ಅವರಿಗೆ ಒಂದು ಕಿಲೋ ಶೇಂಗಾಕ್ಕೆ 50 ರೂಪಾಯಿ ಲಾಭ. ಬದಲಿಯಿಂದ ಹುಟ್ಟಿದ ಲಾಭ ಇತ್ತು, ಆದರೆ ಪೂರ್ತಿ ಒಂದೇ ಮನೆಗೆ ಹೋಯಿತು. ಲಾಭ ಇದೆಯೇ ಎಂಬುದೊಂದು ಪ್ರಶ್ನೆ, ಅದನ್ನು ಹಂಚುವುದು ಹೇಗೆ ಎಂಬುದು ಬೇರೆಯೇ ಪ್ರಶ್ನೆ. ರಿಕಾರ್ಡೊನ ಲೆಕ್ಕ ಮೊದಲನೆಯದಕ್ಕೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ 2 ಮತ್ತು 3ರ ಗಡಿ ಹಾಕಿ ಸುಮ್ಮನಾಗುತ್ತದೆ. ನನ್ನನ್ನು ಕೇಳಿದರೆ ಜಗಳ ಹುಟ್ಟುವುದು ಯಾವಾಗಲೂ ಎರಡನೆಯದರಲ್ಲೇ.

ಆ ವರ್ಷ ಅಕ್ಕ ಮಾತು ಉಳಿಸಿಕೊಂಡರು. ಮರುವರ್ಷಕ್ಕೆ ದರವನ್ನು ಡಿಸೆಂಬರಿನಲ್ಲಿ ಕಟ್ಟುವುದು ಬೇಡ, ಎರಡೂ ಬೆಳೆ ಒಣಗಿ ಮನೆ ಸೇರಿದ ಮೇಲೆ ಕೂತು ನಿರ್ಧರಿಸೋಣ, 2ಕ್ಕಿಂತ ಕೆಳಗೆ 3ಕ್ಕಿಂತ ಮೇಲೆ ಹೋಗುವುದು ಬೇಡ ಎಂದು ಆಯಿತು.

ಇನ್ನೊಂದು ವಿಷಯ ಇಲ್ಲಿಯವರೆಗೆ ನಾನೇ ಬದಿಗಿಟ್ಟಿದ್ದೆ: ಕೂಲಿ. ಇಷ್ಟೂ ಲೆಕ್ಕ ಮಾಡಿದ್ದು ಗುಂಟೆಯ ಮೇಲೆ, ಕಮ್ಮಿ ಇರುವುದು ಜಾಗ ಒಂದೇ ಎಂಬಂತೆ. ಆದರೆ ಈರುಳ್ಳಿಯ ಕೆಲಸ ಶೇಂಗಾದಂತಲ್ಲ. ಸಸಿ ಮಡಿ ಮಾಡಬೇಕು, ಒಂದೊಂದೇ ಸಸಿ ನೆಡಬೇಕು, ಬಗ್ಗಿ ಕಳೆ ತೆಗೆಯಬೇಕು, ನೀರು ಹಾಕುತ್ತಲೇ ಇರಬೇಕು, ಕೊನೆಗೆ ಕಿತ್ತು ಒಣಗಿಸಿ ಜಡೆ ಹೆಣೆಯಬೇಕು. ಸೊಪ್ಪು ಪೂರ್ತಿ ಒಣಗಿದರೆ ಹೆಣೆಯುವಾಗ ಪುಡಿಯಾಗುತ್ತದೆ, ಹಸಿ ಇದ್ದರೆ ಗೊಂಚಲೇ ಕೊಳೆಯುತ್ತದೆ. ಆ ನಡುವಿನ ಹದ ಕೈಗೆ ಗೊತ್ತಿರುವವರು ಬೇಕು. ಮೇಲಿನ ಮನೆಯವರು 6 ಗುಂಟೆ ಶೇಂಗಾ ತೆಗೆದು ಈರುಳ್ಳಿ ಹಾಕಿದರೆ ಆ 6 ಗುಂಟೆಗೆ ಆಳು ಹೆಚ್ಚು ಬೇಕು. ಬದಲಿಯಿಂದ ಅವರಿಗೆ ಸಿಗುವುದು ಗುಂಟೆಗೆ 4 ಕಿಲೋ ಶೇಂಗಾ, ಅಂಗಡಿ ದರದಲ್ಲಿ 400 ರೂಪಾಯಿ. ಶೇಂಗಾಕ್ಕಿಂತ ಈರುಳ್ಳಿಗೆ ಗುಂಟೆಗೆ 400ಕ್ಕಿಂತ ಜಾಸ್ತಿ ಕೂಲಿ ಹೋದರೆ ಆ ಲಾಭ ಕೂಲಿಯಲ್ಲೇ ಮುಗಿಯಿತು. ಮನೆಯವರೇ ಮಾಡಿದರೆ ಕೈಯಿಂದ ದುಡ್ಡು ಹೋಗುವುದಿಲ್ಲ, ನಿಜ. ಆದರೆ ಸೊಸೆ ಆ ದಿನಗಳಲ್ಲಿ ಬೇರೆಲ್ಲಾದರೂ ದುಡಿಯುವಂತಿದ್ದರೆ ಅದೂ ಬಿಟ್ಟುಕೊಟ್ಟದ್ದೇ. ಗೊಬ್ಬರದ ಚೀಟಿ ಜೋಪಾನ ಮಾಡುವವರೂ ಈ ಖರ್ಚನ್ನು ಬರೆದಿಡುವುದಿಲ್ಲ. ಯಾವುದು ನಿಮ್ಮಲ್ಲಿ ನಿಜಕ್ಕೂ ಕಮ್ಮಿ ಇದೆಯೋ, ಜಾಗವೋ ಆಳೋ ನೀರೋ, ಅದರ ಮೇಲೆ ಲೆಕ್ಕ ಹಾಕಬೇಕು.

ನೀರಿನ ವಿಷಯದಲ್ಲಿ ಮಾತ್ರ ನನ್ನ ಲೆಕ್ಕ ಅಕ್ಕನ ಮುಂದೆ ಸೋತಿತು. ಮೊದಲ ವರ್ಷ 20 ಗುಂಟೆಗೂ ಈರುಳ್ಳಿ ಹಾಕಿದರಲ್ಲ, ಬಂದದ್ದು 1200 ಕಿಲೋ ಅಲ್ಲ, 1160. ಗದ್ದೆಯ ಪಶ್ಚಿಮ ಮೂಲೆಯ 2 ಗುಂಟೆ ಬಾವಿಯಿಂದ ದೂರ. ಪೈಪು ಅಲ್ಲಿಗೆ ಹೋಗುತ್ತದೆ, ಆದರೆ ಬಾವಿ ಇಳಿದಾಗ ನೀರಿಗೆ ಒತ್ತಡ ಸಾಲದು. ಅಲ್ಲಿ ಗುಂಟೆಗೆ 40 ಕಿಲೋ ಮಾತ್ರ ಬಂತು. ಬದಲಿ ಮುಗಿದ ಮೇಲೆ ಅವರ ಕೈಯಲ್ಲಿ ಉಳಿದ ಈರುಳ್ಳಿ 835 ಕಿಲೋ, ಹಳೆಯ 840ಕ್ಕಿಂತ 5 ಕಿಲೋ ಕಮ್ಮಿ. ಶೇಂಗಾ 10 ಕಿಲೋ ಜಾಸ್ತಿ ಸಿಕ್ಕಿದ್ದರಿಂದ ಒಟ್ಟಿನಲ್ಲಿ ಲಾಭವೇ, ಆದರೆ ನಾನು ಹೇಳಿದಷ್ಟಲ್ಲ.

ಎಲ್ಲ ಗುಂಟೆಯಲ್ಲೂ 60 ಕಿಲೋ ಬರುತ್ತದೆ ಎಂದು ಬರೆದುಕೊಂಡದ್ದು ನಾನು. ಪಾಠದ ಉದಾಹರಣೆಯಲ್ಲಿ ಹಾಗೇ ಇರುತ್ತದೆ, ಮೊದಲ ಗುಂಟೆಯೂ ಕೊನೆಯ ಗುಂಟೆಯೂ ಒಂದೇ. ಗದ್ದೆಯಲ್ಲಿ ಹಾಗಿರುವುದಿಲ್ಲ. ಒಂದೇ ಬೆಳೆಯನ್ನು ಹಿಗ್ಗಿಸುತ್ತಾ ಹೋದಂತೆ ಅದಕ್ಕೆ ಹೊಂದದ ಜಾಗಕ್ಕೂ ಹೋಗುತ್ತೇವೆ, ಬಿಟ್ಟುಕೊಡುವುದು ಏರುತ್ತಾ ಹೋಗುತ್ತದೆ. ಆ ಮೂಲೆಯ ಒಂದು ಗುಂಟೆಯ 40 ಕಿಲೋ ಈರುಳ್ಳಿಯನ್ನು ಎರಡೂವರೆಯ ದರದಲ್ಲಿ ಬದಲಿಸಿದರೆ 16 ಕಿಲೋ ಶೇಂಗಾ. ಅಲ್ಲೇ ಶೇಂಗಾ ಬಿತ್ತಿದರೆ ಅಷ್ಟು ನೀರಿನಲ್ಲೇ 20 ಕಿಲೋ. ಎರಡು ಮನೆಗಳ ನಡುವೆ ಮಾಡಿದ ಲೆಕ್ಕವನ್ನು ಒಂದೇ ಗದ್ದೆಯ ಎರಡು ಮೂಲೆಗಳ ನಡುವೆಯೂ ಮಾಡಬೇಕಿತ್ತು.

ಮರುವರ್ಷ ಡಿಸೆಂಬರಿನಲ್ಲಿ ಅಕ್ಕ ಆ 2 ಗುಂಟೆಯಲ್ಲಿ ಶೇಂಗಾ ಬಿತ್ತುತ್ತಿದ್ದರು. "ಹೊಂದಾಣಿಕೆ ಮುರಿದಿರಾ?" ಎಂದು ಕೇಳಿದೆ. ಬೀಜ ಹಾಕುತ್ತಿದ್ದ ಕೈ ನಿಲ್ಲಿಸದೆ, "ಆ ಮೂಲೆಗೆ ನೀರು ಹತ್ತೂದಿಲ್ಲ ಅಂತ ನನ್ನ ಅತ್ತೆಯೇ ಹೇಳ್ತಿದ್ರು," ಎಂದರು. ಕೆಳಗಿನ ಮನೆಯಿಂದ ಈ ಸಲ 90 ಕಿಲೋ ತಂದರೆ ಸಾಕಂತೆ.